ಎರಡು ದಿನವೋ ಐದು ದಿನವೋ: ಬೇಗ ಬರುವ ವಸಂತದ ಲೆಕ್ಕವನ್ನು ಓದುವ ಬಗೆ

ಹೂ ಬಿಡುವ ಕಾಲ, ಹಕ್ಕಿಗಳು ವಲಸೆ ಬರುವ ಕಾಲ ಹವಾಮಾನದ ಜೊತೆ ಹೇಗೆ ಬದಲಾಗುತ್ತಿದೆ ಎಂಬುದರ ಮೇಲೆ ವಿಮರ್ಶಾ ಪ್ರಬಂಧ ಬರೆಯಲು ಕೂತವರು ಹೆಚ್ಚು ಕಡಿಮೆ ಮೊದಲ ದಿನವೇ ಎಡವುವ ಜಾಗ ಒಂದಿದೆ. ಒಂದು ಪ್ರಬಂಧ ತೆರೆದರೆ ವಸಂತದ ಘಟನೆಗಳು ದಶಕಕ್ಕೆ 2.3 ದಿನದಷ್ಟು ಬೇಗ ಆಗುತ್ತಿವೆ ಎಂದಿರುತ್ತದೆ. ಇನ್ನೊಂದನ್ನು ತೆರೆದರೆ 5.1 ದಿನ. ಎರಡೂ 'ನೇಚರ್' ಪತ್ರಿಕೆಯವೇ. ಅಷ್ಟೇ ಅಲ್ಲ, ಎರಡೂ 2003ರ ಜನವರಿ 2ರ ಒಂದೇ ಸಂಚಿಕೆಯಲ್ಲಿ, ಕೆಲವೇ ಪುಟಗಳ ಅಂತರದಲ್ಲಿ ಅಚ್ಚಾದವು. ಮೊದಲನೆಯದು ಕ್ಯಾಮಿಲ್ ಪಾರ್ಮೆಸಾನ್ ಮತ್ತು ಗ್ಯಾರಿ ಯೋಹ್ ಬರೆದದ್ದು, ಎರಡನೆಯದು ಟೆರ್ರಿ ರೂಟ್ ಮತ್ತು ಸಂಗಡಿಗರದ್ದು.

ಪತ್ರಿಕೆಯ ಹೆಸರು ನೋಡಿ ಆಕರ ಆರಿಸುವ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಇಬ್ಬರಲ್ಲಿ ಯಾರನ್ನು ನಂಬುವುದು ಎಂದು ತಿಳಿಯದೆ ಹೆಚ್ಚಿನವರು ಬರೆಯುವುದು ಹೀಗೆ: 'ವಸಂತವು ದಶಕಕ್ಕೆ 2.3ರಿಂದ 5.1 ದಿನ ಬೇಗ ಬರುತ್ತಿದೆ.' ನೋಡಲು ಜಾಗರೂಕ ವಾಕ್ಯ. ನನ್ನ ಪ್ರಕಾರ ಮೂರು ಆಯ್ಕೆಗಳಲ್ಲಿ ಇದೇ ಕೆಟ್ಟದ್ದು. ಒಂದೇ ವಿಷಯವನ್ನು ಹಲವು ಸಲ ಅಳೆದಾಗ ಉಳಿಯುವ ಅನಿಶ್ಚಿತತೆಯ ವ್ಯಾಪ್ತಿಯಂತೆ ಅದು ಕಾಣುತ್ತದೆ. ನಿಜದಲ್ಲಿ ಇವು ಎರಡು ಬೇರೆ ಪ್ರಶ್ನೆಗಳಿಗೆ ಸಿಕ್ಕ ಎರಡು ಉತ್ತರಗಳು.

ಹತ್ತು ಸಸ್ಯ ಪ್ರಭೇದಗಳನ್ನು ಊಹಿಸಿಕೊಳ್ಳಿ. ಅವುಗಳಲ್ಲಿ ಆರರ ಹೂಬಿಡುವ ದಿನ ಬದಲಾಗಿಲ್ಲ, ನಾಲ್ಕು ಮಾತ್ರ ದಶಕಕ್ಕೆ 5 ದಿನ ಬೇಗ ಅರಳುತ್ತಿವೆ. ಹತ್ತನ್ನೂ ಸೇರಿಸಿದರೆ ಸರಾಸರಿ 2 ದಿನ. ಬದಲಾದವನ್ನು ಮಾತ್ರ ತೆಗೆದುಕೊಂಡರೆ 5 ದಿನ. ದತ್ತಾಂಶ ಒಂದೇ, ಲೆಕ್ಕದಲ್ಲಿ ತಪ್ಪೂ ಇಲ್ಲ, ಭಾಗಿಸಿದ ಸಂಖ್ಯೆ ಮಾತ್ರ ಬೇರೆ. ರೂಟ್ ತಂಡದ 5.1 ಬಂದದ್ದು ಬದಲಾವಣೆ ತೋರಿಸಿದ ಪ್ರಭೇದಗಳಿಂದ. ಹಾಗೆಂದು ಅವರು ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ, ಅದನ್ನು ಉಲ್ಲೇಖಿಸುವವರು ಆ ಮಾತನ್ನು ಬಿಟ್ಟುಬಿಡುತ್ತಾರೆ. ಪಾರ್ಮೆಸಾನ್ ಮತ್ತು ಯೋಹ್ ಬದಲಾಗದೆ ನಿಂತ ಪ್ರಭೇದಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಈ ವ್ಯತ್ಯಾಸ ಎಲ್ಲಿಂದ ಹುಟ್ಟಿತು ಎಂದು ಪಾರ್ಮೆಸಾನ್ ಅವರೇ 2007ರಲ್ಲಿ 203 ಪ್ರಭೇದಗಳ ಹೊಸ ಮೆಟಾ ಅನಾಲಿಸಿಸ್, ಅಂದರೆ ಪ್ರಕಟವಾದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ, ಮಾಡಿ ಹುಡುಕಿದರು. ಉತ್ತರಕ್ಕೆ ಹೋದಂತೆ ತಾಪಮಾನ ಹೆಚ್ಚು ಏರಿರುವುದರಿಂದ ಅಕ್ಷಾಂಶವೇ ಕಾರಣವಿರಬಹುದೆಂಬ ನಿರೀಕ್ಷೆಯಿತ್ತು. ಪ್ರಭೇದಗಳ ಬದಲಾವಣೆಯಲ್ಲಿನ ಏರುಪೇರಿಗೆ ಅಕ್ಷಾಂಶದ ಪಾಲು ಶೇ. 4ಕ್ಕಿಂತ ಕಡಿಮೆ ಎಂದು ತಿಳಿಯಿತು. ಎರಡು ಅಂದಾಜುಗಳ ನಡುವಿನ ಅಂತರದ ಬಹುಪಾಲನ್ನು ವಿವರಿಸಿದ್ದು ಯಾವ ದತ್ತಾಂಶವನ್ನು ಒಳಗೆ ಬಿಡಬೇಕು ಎಂಬ ನಿಯಮ. ಅದನ್ನು ಸರಿಹೊಂದಿಸಿದ ಮೇಲೆ ಬಂದ ಅಂಕಿ ದಶಕಕ್ಕೆ 2.8 ದಿನ. ಅಂದರೆ ಈ ವಿಷಯದ ಯಾವ ಮೆಟಾ ಅನಾಲಿಸಿಸ್ ಕೈಗೆ ಬಂದರೂ ಸಾರಾಂಶದ ಸಂಖ್ಯೆಗಿಂತ ಮೊದಲು ಹುಡುಕಬೇಕಾದ ವಾಕ್ಯ ವಿಧಾನದ ಭಾಗದಲ್ಲಿರುತ್ತದೆ: ಏನೂ ಬದಲಾಗದ ಪ್ರಭೇದವೊಂದು ಈ ಪಟ್ಟಿಗೆ ಬರಲು ದಾರಿ ಇತ್ತೇ?

ಇಲ್ಲೊಂದು ಭಾಷೆಯ ಗೋಜಲನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ಮುಂದಕ್ಕೆ ಹೋಯಿತು ಎಂದರೆ ನಮಗೆ ತಡವಾಯಿತು ಎಂದರ್ಥ. ಈ ಪ್ರಬಂಧಗಳಲ್ಲಿ ಬರುವ 'ಅಡ್ವಾನ್ಸ್' ಎಂಬ ಪದ ಹೇಳುವುದು ಇದರ ತದ್ವಿರುದ್ಧ. 'ಹೂಬಿಡುವ ದಿನ ಮುಂದೆ ಸರಿದಿದೆ' ಎಂದು ಟಿಪ್ಪಣಿ ಮಾಡಿಟ್ಟು, ಎರಡು ವಾರ ಬಿಟ್ಟು ಅದನ್ನೇ ತಲೆಕೆಳಗಾಗಿ ಓದಿಕೊಂಡವರನ್ನು ಕಂಡಿದ್ದೇನೆ. 'ಬೇಗ', 'ತಡ' ಎಂಬ ಎರಡು ಪದಗಳಲ್ಲೇ ಟಿಪ್ಪಣಿ ಬರೆದುಕೊಂಡರೆ ಈ ತಾಪತ್ರಯವಿಲ್ಲ.

ಬದಲಾವಣೆ ಕಂಡ ಅಧ್ಯಯನಗಳೇ ಪ್ರಕಟವಾಗುತ್ತವೆ, ಕಾಣದವು ಮೇಜಿನ ಖಾನೆಯಲ್ಲೇ ಉಳಿಯುತ್ತವೆ ಎಂಬ ಅನುಮಾನ ಇದರ ಬೆನ್ನಿಗೇ ಬರುತ್ತದೆ. ಪ್ರಕಟಿತ ಪ್ರಬಂಧಗಳನ್ನು ಮಾತ್ರ ಒಟ್ಟುಗೂಡಿಸುವ ಯಾವ ಅಧ್ಯಯನಕ್ಕೂ ಈ ಅನುಮಾನವನ್ನು ಒಳಗಿನಿಂದ ಪೂರ್ತಿ ತೊಡೆಯುವುದು ಕಷ್ಟ. ಅದಕ್ಕೆ ಬೇಕಾದದ್ದು ಫಲಿತಾಂಶ ಗೊತ್ತಾಗುವ ಮೊದಲೇ ಕಟ್ಟಿಟ್ಟ ದಾಖಲೆ. ಅನೆಟ್ ಮೆನ್ಝೆಲ್ ಮತ್ತು ಸಂಗಡಿಗರು 2006ರಲ್ಲಿ ಮಾಡಿದ್ದು ಅದನ್ನೇ. ಯೂರೋಪಿನ 21 ದೇಶಗಳ ವೀಕ್ಷಣಾ ಜಾಲಗಳಲ್ಲಿ 1971ರಿಂದ 2000ದವರೆಗೆ ದಾಖಲಾಗಿದ್ದ 1,25,000ಕ್ಕೂ ಹೆಚ್ಚು ಸರಣಿಗಳನ್ನು, ಯಾವುದು ಏನು ಹೇಳುತ್ತದೆ ಎಂದು ನೋಡದೆ, ಇಡಿಯಾಗಿ ವಿಶ್ಲೇಷಿಸಿದರು. ಬಂದ ಸರಾಸರಿ ದಶಕಕ್ಕೆ 2.5 ದಿನ. ಪಾರ್ಮೆಸಾನ್ ಅವರ 2.3, 2.8ರ ಪಕ್ಕದಲ್ಲೇ ಇದೆ. ಹಾಗಾಗಿ ನಾನು ಒಂದೇ ಸಂಖ್ಯೆ ಬರೆಯಬೇಕಾಗಿ ಬಂದರೆ ಈ ನೆರೆಹೊರೆಯಲ್ಲೇ ನಿಲ್ಲುತ್ತೇನೆ, 5.1ನ್ನು ಅದರ ಷರತ್ತಿನ ಜೊತೆ ಮಾತ್ರ ಉಲ್ಲೇಖಿಸುತ್ತೇನೆ.

ಅದೇ ಪ್ರಬಂಧದ ಇನ್ನೊಂದು ಸಾಲನ್ನು ಎರಡು ಬಣದವರೂ ಅರ್ಧ ಕತ್ತರಿಸಿ ಬಳಸುವುದುಂಟು. ಎಲೆ, ಹೂ, ಕಾಯಿಗಳ ದಾಖಲೆಗಳಲ್ಲಿ ಶೇ. 78 ಬೇಗದ ಕಡೆ ಸರಿದಿದ್ದವು. ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಖಚಿತವಾಗಿ ಬೇಗ ಎಂದು ಹೇಳಬಹುದಾದವು ಶೇ. 30. ಖಚಿತವಾಗಿ ತಡವಾದವು ಶೇ. 3 ಮಾತ್ರ. ಮುಕ್ಕಾಲು ಪಾಲು ಬದಲಾಗಿದೆ ಎನ್ನುವವರು 78ನ್ನು ಹಿಡಿಯುತ್ತಾರೆ, ಬಹುಪಾಲಿನಲ್ಲಿ ಬದಲಾವಣೆಯೇ ಇಲ್ಲ ಎನ್ನುವವರು 30ನ್ನು. ಮೂವತ್ತೇ ವರ್ಷಗಳ ಒಂದೊಂದು ಸರಣಿಯಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಬಹಳ. ಅಂಥ ಸದ್ದಿನ ನಡುವೆ 7-8 ದಿನಗಳ ಒಟ್ಟು ಬದಲಾವಣೆ ಹಲವು ಸರಣಿಗಳಲ್ಲಿ ಖಚಿತವೆನಿಸದೆ ಉಳಿಯುವುದು ಸಹಜ. ಏನೂ ಆಗದೇ ಇದ್ದಿದ್ದರೆ ಖಚಿತವಾಗಿ ಬೇಗವಾದವೂ ಖಚಿತವಾಗಿ ತಡವಾದವೂ ಸರಿಸುಮಾರು ಸಮ ಇರಬೇಕಿತ್ತು. ಹಾಗಾಗಿ ಇಲ್ಲಿ ಮಾತಾಡುವ ಜೋಡಿ 30 ಮತ್ತು 3.

ಇಷ್ಟು ಹೊತ್ತು ಸರಾಸರಿಗಳ ಮಾತಾಯಿತು. ಆ ಸರಾಸರಿಯ ಕೆಳಗಿರುವ ಒಂದೊಂದು ದಿನಾಂಕವೂ ಯಾವುದರ ದಿನಾಂಕ? ನಾನು ಓದಿದ ವಿದ್ಯಾರ್ಥಿ ಪ್ರಬಂಧಗಳಲ್ಲಿ ಈ ಪ್ರಶ್ನೆ ಬಂದದ್ದು ತೀರ ಅಪರೂಪ. ಎಲ್ಲ ತಕರಾರಿನ ಬೇರು ಇಲ್ಲಿದೆ ಎಂಬುದು ನನ್ನ ಅನಿಸಿಕೆ.

ಹಳೆಯ ದಾಖಲೆಗಳಲ್ಲಿ ಹೆಚ್ಚಿನವು 'ಮೊದಲ' ದಿನಾಂಕಗಳು: ಈ ವರ್ಷ ಕಂಡ ಮೊದಲ ಹೂ, ಮೊದಲು ಬಂದ ಹಕ್ಕಿ. ಬರೆದಿಡುವವರಿಗೆ ಅದು ಸುಲಭ. ಆದರೆ ಮೊದಲನೆಯದು ಎಂಬುದು ಗುಂಪಿನ ನಡವಳಿಕೆಯಲ್ಲ, ಗುಂಪಿನ ತುದಿಯಲ್ಲಿ ನಿಂತ ಒಂದು ಜೀವಿಯ ನಡವಳಿಕೆ. ತುದಿ ಎಷ್ಟು ದೂರ ಚಾಚುತ್ತದೆ ಎಂಬುದು ಗುಂಪು ಎಷ್ಟು ದೊಡ್ಡದು ಎಂಬುದನ್ನು ಅವಲಂಬಿಸಿದೆ.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಒಂದು ಜಾತಿಯ ಗಿಡಗಳು ಅರಳುವ ದಿನಗಳು ಗಂಟೆಯಾಕಾರದ ವಕ್ರರೇಖೆಯಂತೆ ಹರಡಿವೆ, ಅವುಗಳ ಪ್ರಮಾಣಿತ ವಿಚಲನೆ 6 ದಿನ ಎಂದುಕೊಳ್ಳೋಣ. ಸಾವಿರ ಗಿಡಗಳಿದ್ದರೆ ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಅರಳುವುದು ಸರಾಸರಿ ದಿನಕ್ಕಿಂತ ಸುಮಾರು 19 ದಿನ ಮೊದಲು. ನೂರು ಗಿಡಗಳಿದ್ದರೆ ಸುಮಾರು 15 ದಿನ ಮೊದಲು. ಹತ್ತೇ ಗಿಡಗಳಿದ್ದರೆ 9 ದಿನ ಮೊದಲು. ತಾಪಮಾನ ಒಂದಿಷ್ಟೂ ಬದಲಾಗಿಲ್ಲ, ಯಾವ ಗಿಡವೂ ತನ್ನ ಕಾಲ ಬದಲಿಸಿಲ್ಲ. ಆದರೂ ಸಾವಿರ ಗಿಡಗಳು ನೂರಕ್ಕಿಳಿದರೆ 'ಮೊದಲ ಹೂ' ನಾಲ್ಕು ದಿನಕ್ಕೂ ಹೆಚ್ಚು ತಡವಾಗುತ್ತದೆ, ನೂರು ಹತ್ತಕ್ಕಿಳಿದರೆ ಇನ್ನೂ ಆರು ದಿನದಷ್ಟು ತಡ. ದಶಕಕ್ಕೆ ಎರಡೂವರೆ ದಿನದ ಸಂಕೇತವನ್ನು ಹುಡುಕುತ್ತಿರುವವರಿಗೆ ಇದು ಸಣ್ಣ ದೋಷವಲ್ಲ. ದೋಷ ಎದುರು ದಿಕ್ಕಿನಲ್ಲೂ ಓಡುತ್ತದೆ. ಗಿಡಗಳಷ್ಟೇ ಇದ್ದು ನೋಡುವವರು ಹತ್ತು ಪಟ್ಟಾದರೆ, ಅಥವಾ ವಾರಕ್ಕೊಮ್ಮೆ ಹೋಗುತ್ತಿದ್ದವರು ದಿನವೂ ಹೋಗತೊಡಗಿದರೆ, ವಸಂತ ತಾನಾಗಿ ಬೇಗ ಬಂದಂತೆ ಕಾಣುತ್ತದೆ. ಜನಸಾಮಾನ್ಯರು ಕಳುಹಿಸುವ ವೀಕ್ಷಣೆಗಳ ಮೇಲೆ ನಿಂತ ಹೊಸ ಪ್ರಬಂಧಗಳನ್ನು ಓದುವಾಗ ವೀಕ್ಷಕರ ಸಂಖ್ಯೆ ವರ್ಷಗಳಲ್ಲಿ ಹೇಗೆ ಏರಿದೆ, ಲೇಖಕರು ಅದನ್ನು ಲೆಕ್ಕದಲ್ಲಿ ಸರಿದೂಗಿಸಿದ್ದಾರೆಯೇ ಎಂದು ನೋಡಲೇಬೇಕು.

ಇದು ಬರೀ ಕಾಗದದ ಲೆಕ್ಕವಲ್ಲ ಎನ್ನುವುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮ್ಯಾನೊಮೆಟ್‌ನಲ್ಲಿ ಬಲೆ ಹಾಕಿ ಹಿಡಿದ ಹಕ್ಕಿಗಳ ದಾಖಲೆ ಸಾಕ್ಷಿ. ಅಬ್ರಹಾಂ ಮಿಲ್ಲರ್ ರಶಿಂಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1970ರಿಂದ 2002ರವರೆಗಿನ 33 ವರ್ಷ, 32 ಪ್ರಭೇದಗಳಿವೆ. ಬಲೆಗೆ ಬಿದ್ದ ಹಕ್ಕಿಗಳನ್ನೆಲ್ಲ ಎಣಿಸಿದ್ದರಿಂದ ಮೊದಲ ಹಕ್ಕಿಯ ದಿನವೂ ಇಡೀ ಗುಂಪಿನ ಸರಾಸರಿ ದಿನವೂ ಒಂದೇ ದಾಖಲೆಯಿಂದ ಸಿಗುತ್ತವೆ. ಸರಾಸರಿ ದಿನ ದಶಕಕ್ಕೆ 0.78 ದಿನ ಬೇಗವಾಗಿತ್ತು. ಮೊದಲ ಹಕ್ಕಿಯ ದಿನ ದಶಕಕ್ಕೆ 0.20 ದಿನ ತಡವಾಗಿತ್ತು. ಒಂದೇ ಬಲೆ, ಅವೇ ಹಕ್ಕಿಗಳು, ದಿಕ್ಕು ಮಾತ್ರ ವಿರುದ್ಧ. ಈ ವ್ಯತ್ಯಾಸದ ಬಹುಪಾಲಿಗೆ ಕಾರಣ ವಲಸೆ ಬರುವ ಗುಂಪುಗಳ ಗಾತ್ರ ಕುಗ್ಗಿದ್ದು. ಮೊದಲ ದಿನಾಂಕವಷ್ಟೇ ಇದ್ದಿದ್ದರೆ ಅದೇ ಜಾಗದಿಂದ 'ಹಕ್ಕಿಗಳು ಹವಾಮಾನಕ್ಕೆ ಸ್ಪಂದಿಸುತ್ತಿಲ್ಲ' ಎಂಬ ಪ್ರಬಂಧ ಬರಬಹುದಿತ್ತು. ವಿಮರ್ಶೆ ಬರೆಯುವವರು ಅದನ್ನು ನಿಷ್ಠೆಯಿಂದ 'ವಿರುದ್ಧ ಪುರಾವೆ' ಎಂಬ ಪ್ಯಾರಾದಲ್ಲಿ ಸೇರಿಸುತ್ತಿದ್ದರು.

ಹೂಗಳ ವಿಷಯದಲ್ಲಿ ಇದೇ ಪರೀಕ್ಷೆಯನ್ನು ಕೊಲರಾಡೊ ರಾಕಿ ಪರ್ವತಗಳಲ್ಲಿ 39 ವರ್ಷ ಎಣಿಸಿದ ದಾಖಲೆ ಸಾಧ್ಯವಾಗಿಸಿತು. ಅಲ್ಲಿ ಮೊದಲ ಹೂವನ್ನು ಮಾತ್ರ ಬರೆದಿಟ್ಟು ಕೈಬಿಟ್ಟಿರಲಿಲ್ಲ. 60 ಪ್ರಭೇದಗಳ 20 ಲಕ್ಷಕ್ಕೂ ಹೆಚ್ಚು ಹೂಗಳ ಎಣಿಕೆ ಇತ್ತು. ಪಾಲ್ ಕಾರಾಡೊನ್ನಾ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ ಮೊದಲ ಹೂ, ಹೂವಿನ ಉತ್ತುಂಗ, ಕೊನೆಯ ಹೂ ಮೂರೂ ಒಟ್ಟಿಗೆ ಸರಿಯುವುದು ಅಪರೂಪ. ಮೊದಲ ಹೂವಿನ ಬದಲಾವಣೆ ಉತ್ತುಂಗದ ಬದಲಾವಣೆಗಿಂತ ಸರಾಸರಿಯಲ್ಲಿ ಹೆಚ್ಚಾಗಿ ತೋರಿತು, ಕೊನೆಯ ಹೂವಿನ ಬಗ್ಗೆ ಏನನ್ನೂ ಹೇಳಲಿಲ್ಲ. ಸ್ವಾರಸ್ಯದ ಸಂಗತಿಯೆಂದರೆ, ಎಷ್ಟು ಪ್ರಭೇದಗಳು ಬದಲಾಗಿವೆ ಎಂಬ ಎಣಿಕೆಯನ್ನು ಅದೇ ಮೊದಲ ದಿನಾಂಕ ಕಡಿಮೆ ಮಾಡಿ ತೋರಿಸಿತ್ತು. ಒಂದೇ ಅಳತೆ ಒಂದು ಕಡೆ ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ ತಪ್ಪುತ್ತದೆ. ಆದ್ದರಿಂದ 'ಮೊದಲ ದಿನಾಂಕ ಬಳಸಿದ್ದಾರೆ, ಹಾಗಾಗಿ ಉತ್ಪ್ರೇಕ್ಷೆ' ಎಂದು ಕಣ್ಣು ಮುಚ್ಚಿ ಬರೆಯುವ ಹಾಗೂ ಇಲ್ಲ.

ಹಾಗಾದರೆ ಹಳೆಯ ಮೊದಲ ಹೂವಿನ ದಾಖಲೆಗಳನ್ನೆಲ್ಲ ಪಕ್ಕಕ್ಕಿಡಬೇಕೇ? ಬೇಡ. 2002ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫಿಟ್ಟರ್ ತಂದೆ-ಮಗನ ಪ್ರಬಂಧವನ್ನೇ ನೋಡಿ. ಬ್ರಿಟನ್ನಿನ 385 ಸಸ್ಯ ಪ್ರಭೇದಗಳ ಮೊದಲ ಹೂವಿನ ದಿನಗಳನ್ನು ತಂದೆ ರಿಚರ್ಡ್ ಫಿಟ್ಟರ್ ಒಂದೇ ಪ್ರದೇಶದಲ್ಲಿ ದಶಕಗಳ ಕಾಲ ಬರೆದಿಟ್ಟಿದ್ದರು. ಒಬ್ಬನೇ ವೀಕ್ಷಕ ಎಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ದೌರ್ಬಲ್ಯದ ಪಟ್ಟಿಗೆ ಸೇರಿಸುತ್ತಾರೆ. ಮೊದಲ ದಿನಾಂಕದ ದಾಖಲೆಗಳಲ್ಲಿ ಅದು ಹೆಚ್ಚು ಕಡಿಮೆ ಬಲವೇ. ಒಬ್ಬರ ಕಣ್ಣು, ಒಬ್ಬರ ಕಾಲುದಾರಿ, ಹೂ ಅರಳಿದೆ ಎನ್ನಲು ಒಬ್ಬರದೇ ಅಳತೆಗೋಲು. ನೋಡುವ ಶ್ರಮ ಮಧ್ಯದಲ್ಲಿ ಹತ್ತು ಪಟ್ಟಾಗುವ ಅಪಾಯ ಅಲ್ಲಿ ಕಡಿಮೆ. ಗಿಡಗಳ ಸಂಖ್ಯೆ ಬದಲಾದ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಆ ಪ್ರಬಂಧವನ್ನು ಉಲ್ಲೇಖಿಸುವಾಗ ಆಗುವ ತಪ್ಪು ಬೇರೆಯದು. ಸರಾಸರಿ ಮೊದಲ ಹೂವಿನ ದಿನ 4.5 ದಿನ ಬೇಗವಾಗಿದೆ ಎಂದು ಅಲ್ಲಿದೆ. ಅದು 1990ರ ದಶಕವನ್ನು ಅದರ ಹಿಂದಿನ ನಾಲ್ಕು ದಶಕಗಳ ಸರಾಸರಿಯ ಜೊತೆ ಹೋಲಿಸಿದ ಅಂತರ, ದಶಕಕ್ಕೆ ಇಷ್ಟು ಎಂಬ ವೇಗವಲ್ಲ. ಅದನ್ನು ಕೋಷ್ಟಕದಲ್ಲಿ 2.3, 2.5, 5.1ರ ಪಕ್ಕ ಇಟ್ಟರೆ ಕಿಲೋಮೀಟರನ್ನು ಗಂಟೆಗೆ ಕಿಲೋಮೀಟರಿನ ಜೊತೆ ಹೋಲಿಸಿದ ಹಾಗೆ. ಅದೇ ಸಾರಾಂಶದಲ್ಲಿರುವ 15 ದಿನವೂ ಹೀಗೆಯೇ ದಾರಿ ತಪ್ಪುತ್ತದೆ. ಅದು ಖಚಿತವಾಗಿ ಬೇಗವಾದ ಶೇ. 16ರಷ್ಟು ಪ್ರಭೇದಗಳ ಸರಾಸರಿ. ಬದಲಾದವನ್ನು ಮಾತ್ರ ಎಣಿಸುವ ಹಳೇ ಕಥೆ ಇಲ್ಲೂ ಇದೆ.

ದಾಖಲೆಗಳಿಗೆ ಇಷ್ಟೆಲ್ಲ ತೊಡಕಿರುವಾಗ ಪ್ರಯೋಗವನ್ನೇ ನಂಬೋಣ ಎನಿಸುವುದು ಸಹಜ. ಆಕರಗಳನ್ನು ಮೆಟ್ಟಿಲುಗಳಲ್ಲಿ ಜೋಡಿಸಿ, ಪ್ರಯೋಗವನ್ನು ವೀಕ್ಷಣೆಗಿಂತ ಮೇಲಿಡುವ ಪಟ್ಟಿಗಳು ವೈದ್ಯಕೀಯದಿಂದ ಬಂದವು. ಇಲ್ಲಿ ಅವನ್ನು ಹಾಗೇ ಬಳಸಲು ಬರುವುದಿಲ್ಲ. ನೆಲದ ತುಂಡೊಂದನ್ನು ಹೀಟರಿನಿಂದಲೋ ಮೇಲ್ಛಾವಣಿಯಿಲ್ಲದ ಪಾರದರ್ಶಕ ಗೂಡಿನಿಂದಲೋ ಬಿಸಿ ಮಾಡಿ ಗಿಡಗಳನ್ನು ಗಮನಿಸಿದ ಪ್ರಯೋಗಗಳನ್ನು ಎಲಿಜಬೆತ್ ವೊಲ್ಕೊವಿಚ್ ಮತ್ತು ಸಂಗಡಿಗರು 2012ರಲ್ಲಿ ದೀರ್ಘಕಾಲದ ವೀಕ್ಷಣೆಗಳ ಜೊತೆ ಹೋಲಿಸಿದರು. ಒಂದು ಡಿಗ್ರಿ ಏರಿಕೆಗೆ ಎಷ್ಟು ದಿನ ಬೇಗ ಎಂಬ ಲೆಕ್ಕದಲ್ಲಿ ಪ್ರಯೋಗಗಳು ಹೂವಿನ ಬದಲಾವಣೆಯನ್ನು 8.5 ಪಟ್ಟು, ಎಲೆ ಚಿಗುರುವುದನ್ನು 4 ಪಟ್ಟು ಕಡಿಮೆಯಾಗಿ ಅಂದಾಜು ಮಾಡಿದ್ದವು. ಹೀಟರ್ ಗಾಳಿಯ ಜೊತೆ ಮಣ್ಣನ್ನೂ ಒಣಗಿಸುತ್ತದೆ, ಗೂಡು ಬೆಳಕು-ಗಾಳಿಗಳನ್ನೂ ಬದಲಿಸುತ್ತದೆ. ನಿಯಂತ್ರಣವಿದೆ ಎಂದಮಾತ್ರಕ್ಕೆ ನಿಯಂತ್ರಿಸಿದ್ದು ಹೊರಗಿನ ವಸಂತವೇ ಎಂದಾಗುವುದಿಲ್ಲ.

ಕೊನೆಗೆ, ಈ ವಿಷಯದ ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ಹಕ್ಕಿಯೊಂದರ ಕಥೆ: ಆಫ್ರಿಕಾದಲ್ಲಿ ಚಳಿಗಾಲ ಕಳೆದು ಯೂರೋಪಿಗೆ ಮರಿ ಮಾಡಲು ಬರುವ ಪೈಡ್ ಫ್ಲೈಕ್ಯಾಚರ್ ಎಂಬ ಪುಟ್ಟ ನೊಣಹಿಡುಕ. ಕ್ರಿಸ್ಟಿಯಾನ್ ಬೋತ್ ಮತ್ತು ಮಾರ್ಸೆಲ್ ವಿಸ್ಸರ್ 2001ರಲ್ಲಿ ನೆದರ್ಲೆಂಡ್ಸ್‌ನ ದಾಖಲೆಗಳಿಂದ ತೋರಿಸಿದ್ದು ಇದು: ಹಕ್ಕಿಗಳು ಮೊಟ್ಟೆಯಿಡುವುದು ಇಪ್ಪತ್ತು ವರ್ಷಗಳಲ್ಲಿ ಬೇಗವಾಗಿದೆ, ಆದರೆ ಬರುವ ದಿನ ಬೇಗವಾಗಿಲ್ಲ, ಹಾಗಾಗಿ ಅವು ಇನ್ನೂ ಬೇಗ ಮೊಟ್ಟೆಯಿಡಲು ಬರುವ ದಿನವೇ ಅಡ್ಡ ನಿಂತಿದೆ. 2006ರಲ್ಲಿ ಬೋತ್ ಮತ್ತು ಸಂಗಡಿಗರು ಈ ಹಕ್ಕಿಯ ಒಂಬತ್ತು ಡಚ್ ಗುಂಪುಗಳನ್ನು ಹೋಲಿಸಿದರು. ಮರಿಗಳಿಗೆ ಉಣಿಸುವ ಆಹಾರದ ಉತ್ತುಂಗ ಬೇಗ ಬರುವ ಕಾಡುಗಳಲ್ಲಿ ಹಕ್ಕಿಗಳ ಸಂಖ್ಯೆ ಎರಡು ದಶಕಗಳಲ್ಲಿ ಸುಮಾರು ಶೇ. 90 ಇಳಿದಿತ್ತು, ಉತ್ತುಂಗ ತಡವಾಗಿ ಬರುವ ಕಡೆ ಇಳಿಕೆ ಹೆಚ್ಚೆಂದರೆ ಅಲ್ಪ.

ಈ ವಾಕ್ಯ ವಿಮರ್ಶೆಯಿಂದ ವಿಮರ್ಶೆಗೆ ಹಾರುತ್ತಾ ಏನಾಗುತ್ತದೆ ನೋಡಿ. ಮೊದಲು 'ಕೆಲವು ಕಾಡುಗಳಲ್ಲಿ' ಬಿದ್ದುಹೋಗುತ್ತದೆ, ಆಮೇಲೆ 'ಡಚ್', ಆಮೇಲೆ ತಡವಾದ ಉತ್ತುಂಗದ ಕಾಡುಗಳು. ಕೊನೆಗೆ ಉಳಿಯುವುದು 'ಹವಾಮಾನ ಬದಲಾವಣೆಯಿಂದ ವಲಸೆ ಹಕ್ಕಿಗಳು ಶೇ. 90 ಕುಸಿದಿವೆ' ಎಂಬ ಮಾತು. ಮೂಲ ಅಧ್ಯಯನದ ಜಾಣತನವೆಲ್ಲ ಇರುವುದು ಬಿಟ್ಟುಹೋದ ಆ ಹೋಲಿಕೆಯಲ್ಲೇ. ಒಂದೇ ದೇಶ, ಒಂದೇ ಪ್ರಭೇದ, ಒಂದೇ ವಲಸೆ ದಾರಿ, ಆದರೂ ಇಳಿಕೆ ಬೇರೆಬೇರೆ. ಆಫ್ರಿಕಾದಲ್ಲಿನ ಬರವೇ ಪೂರ್ತಿ ಕಾರಣವಾಗಿದ್ದರೆ ಎಲ್ಲ ಕಾಡುಗಳಲ್ಲೂ ಹಕ್ಕಿ ಸರಿಸುಮಾರು ಸಮವಾಗಿ ಇಳಿಯಬೇಕಿತ್ತು. ಒಂಬತ್ತು ಎಂಬುದು ಸಣ್ಣ ಸಂಖ್ಯೆ ನಿಜ. ಆದರೆ ಆಕ್ಷೇಪ ಎತ್ತುವುದಿದ್ದರೆ ಆ ಒಂಬತ್ತರ ಮೇಲೆ ಎತ್ತಬೇಕು, ಅವರು ಹೇಳದೇ ಇದ್ದ ಜಾಗತಿಕ ಶೇ. 90ರ ಮೇಲಲ್ಲ.

ಇಲ್ಲಿ ಮೊದಲ ದಿನಾಂಕದ ಲೆಕ್ಕ ಮತ್ತೆ ಎದುರಾಗುತ್ತದೆ. ಶೇ. 90 ಇಳಿಕೆ ಎಂದರೆ ನೂರಿದ್ದದ್ದು ಹತ್ತಾಗುವುದು. ಮೇಲೆ ಹಾಕಿದ ಲೆಕ್ಕದಂತೆ, ಅಷ್ಟರಿಂದಲೇ ಮೊದಲ ಹಕ್ಕಿ ಆರು ದಿನದಷ್ಟು ತಡವಾಗಿ ಕಾಣಬಹುದು. ಹಾಗಾಗಿ ವಲಸೆ ಮತ್ತು ಆಹಾರದ ಕಾಲ ತಪ್ಪಿದ್ದರಿಂದಲೇ ಹಕ್ಕಿ ಕಡಿಮೆಯಾಯಿತು ಎನ್ನುವ ಯಾವುದೇ ಪ್ರಬಂಧ ಕೈಗೆ ಬಂದಾಗ, ಬರುವ ದಿನವನ್ನು ಮೊದಲ ಹಕ್ಕಿಯಿಂದ ಅಳೆದರೋ ಗುಂಪಿನ ನಡುವಿನಿಂದ ಅಳೆದರೋ ಎಂದು ವಿಧಾನದ ಭಾಗದಲ್ಲೂ ಪೂರಕ ಮಾಹಿತಿಯಲ್ಲೂ ಹುಡುಕಬೇಕು. ಮೊದಲ ಹಕ್ಕಿಯಿಂದ ಅಳೆದಿದ್ದರೆ, ತಡವಾಗಿ ಬಂದದ್ದರಿಂದ ಹಕ್ಕಿಗಳು ಕಡಿಮೆಯಾದವೋ, ಕಡಿಮೆಯಾದದ್ದರಿಂದ ತಡವಾಗಿ ಬಂದಂತೆ ಕಂಡವೋ ಎಂದು ಆ ದಾಖಲೆಯೊಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲ.